ಬನ್ ತಡ ಆದರೆ ತಡ ಅಂತಲೇ ಬರೆಯಿರಿ: ಬೇಕರಿ ವಿಡಿಯೊ ಕೆಳಗಿನ ಎರಡು ಸಾಲಿನ ಬಗ್ಗೆ

ಬೆಳಗ್ಗೆ ಎದ್ದು ಫೋನ್ ತೆಗೆದರೆ ನಮ್ಮ ಕಡೆಯ ಯಾವುದಾದರೂ ಬೇಕರಿಯ ವಿಡಿಯೊ ಕಾಣಿಸುತ್ತದೆ. ಹೊರಗೆ ಇನ್ನೂ ಕತ್ತಲು. ಒಳಗೆ ಓವನ್ ಬಾಯಲ್ಲಿ ಕೆಂಪು ಬೆಳಕು. ಉದ್ದನೆಯ ಹಿಡಿಯ ಹಲಗೆಯಲ್ಲಿ ಟ್ರೇ ಎಳೆದು ತೆಗೆಯುವ ಕೈ, ಹಬೆಯಾಡುವ ಬನ್ನು. ನೋಡೋಕೆ ಚೆಂದ. ಆಮೇಲೆ ಕೆಳಗೆ ಬರೆದದ್ದು ಓದಿದರೆ, "ಪ್ರೀತಿಯಿಂದ ತಯಾರಿಸಿದ ತಾಜಾ ರುಚಿ, ನಿಮಗಾಗಿ". ಅದರ ಹಿಂದೆ ನಾಲ್ಕು ಹೃದಯದ ಚಿತ್ರ.

ಈ ಸಾಲನ್ನು ಅರಸೀಕೆರೆಯ ಬೇಕರಿಯೂ ಹಾಕಬಹುದು, ಬೇಲೂರಿನದೂ ಹಾಕಬಹುದು, ದೆಹಲಿಯದೂ ಹಾಕಬಹುದು. ಓದಿದವರಿಗೆ ಹೊಸದಾಗಿ ಏನೂ ತಿಳಿಯಲಿಲ್ಲ. ಅವರ ತಲೆಯಲ್ಲಿ ಇರುವ ಪ್ರಶ್ನೆ ಬೇರೆ. ಇದು ಇವತ್ತಿನದಾ? ಈಗ ಹೋದರೆ ಸಿಗುತ್ತಾ? ಮೊಟ್ಟೆ ಹಾಕಿದ್ದಾರಾ?

ಬೆಳಗಿನ ಬೇಕರಿ ವಿಡಿಯೊಗಳೆಲ್ಲ ನೋಡೋಕೆ ಒಂದೇ ಥರ. ಎಲ್ಲರ ಓವನ್ನಿನಲ್ಲೂ ಬೆಂಕಿ ಕೆಂಪಗೇ ಇರುತ್ತದೆ. ಒಂದು ಬೇಕರಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಕೆಳಗಿನ ಬರಹ. ಆ ಬರಹದಿಂದ ನಂಬಿಕೆ ಹುಟ್ಟಬೇಕಾದರೆ, ಅದರಲ್ಲಿ ಗಿರಾಕಿ ಅಂಗಡಿಗೆ ಬಂದು ತಾನೇ ಪರೀಕ್ಷೆ ಮಾಡಬಹುದಾದ ಒಂದು ಮಾತಾದರೂ ಇರಬೇಕು ಅನ್ನುವುದು ನನ್ನ ವಾದ. ಗಂಟೆ ಬರೆದರೆ ಗಂಟೆ ನೋಡಬಹುದು. "ಪ್ರೀತಿ" ಬರೆದರೆ ಏನು ನೋಡುವುದು?

ಮೊದಲು ಬೋರ್ಡೇ ಕ್ಯಾಪ್ಷನ್ ಆಗಿತ್ತು

ಬೇಕರಿ ಮಾತು ಬಂದರೆ ಹಾಸನ ಜಿಲ್ಲೆಯವರಿಗೆ ಸ್ವಲ್ಪ ಹಕ್ಕು ಜಾಸ್ತಿ. ಬೆಂಗಳೂರಿನ ಮೊದಲ ಅಯ್ಯಂಗಾರ್ ಬೇಕರಿ ಅಂತ ಎಲ್ಲರೂ ಹೇಳುವುದು ಚಿಕ್ಕಪೇಟೆಯ ಬಿ.ಬಿ. ಬೇಕರಿಯನ್ನು. 'ಬೆಂಗಳೂರು ಬ್ರದರ್ಸ್' ಅನ್ನುವುದು ಅದರ ಪೂರ್ತಿ ಹೆಸರು. 1898ರಲ್ಲಿ ಅದನ್ನು ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನ ಜಿಲ್ಲೆಯಿಂದ ಹೋದವರು. ಅವರ ಹಿಂದೆ ಈ ಭಾಗದ ಎಷ್ಟೋ ಮನೆಯವರು ಬೆಂಗಳೂರಿಗೆ ಹೋಗಿ, ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಕೆಲಸ ಕಲಿತು, ಊರ ತುಂಬ ಬೇಕರಿ ಇಟ್ಟರು.

ಆ ಕಾಲದಲ್ಲಿ 'ಅಯ್ಯಂಗಾರ್ ಬೇಕರಿ' ಅನ್ನುವ ಬೋರ್ಡು ಒಂದು ಕೆಲಸ ಮಾಡುತ್ತಿತ್ತು. ಬ್ರೆಡ್ಡು, ಕೇಕು ಅಂದರೆ ಮೊಟ್ಟೆ ಇರುತ್ತದೆ ಅಂತ ಹೆದರುತ್ತಿದ್ದ ಮನೆಗಳಿಗೆ ಆ ಎರಡು ಪದ ಸಾಕಾಗಿತ್ತು. ಇಲ್ಲಿ ಮೊಟ್ಟೆ ಇಲ್ಲ, ಧೈರ್ಯವಾಗಿ ತಿನ್ನಿ ಅನ್ನುವುದು ಅದರ ಅರ್ಥ. ಓವನ್ ಹಿಂದೆ ಏನು ನಡೆಯುತ್ತದೆ ಅಂತ ಯಾರೂ ನೋಡುತ್ತಿರಲಿಲ್ಲ, ಬೋರ್ಡನ್ನೇ ನಂಬುತ್ತಿದ್ದರು.

ಈಗ ಆ ಬೋರ್ಡು ಬಸ್‌ಸ್ಟ್ಯಾಂಡಿಗೊಂದು ಇದೆ. ಎಗ್ ಪಫ್ ಮಾರುವ ಅಂಗಡಿ ಮೇಲೂ ಇದೆ. ಹಾಗಾಗಿ ಬೋರ್ಡು ಹೇಳುತ್ತಿದ್ದ ಮಾತನ್ನು ಈಗ ಬೇರೆ ಕಡೆ ಹೇಳಬೇಕಾಗಿದೆ. ಓವನ್ ಹಿಂದಿನದನ್ನು ಫೋನ್ ತೋರಿಸುತ್ತಿದೆ, ಅದಕ್ಕೆ ಅರ್ಥ ಕೊಡುವ ಕೆಲಸ ಕೆಳಗಿನ ಬರಹದ್ದು.

"ಬಿಸಿ ಬಿಸಿ ಬ್ರೆಡ್" ಅನ್ನುವ ತಪ್ಪು

ಅರಸೀಕೆರೆ ಕಡೆಯ ಒಂದು ಸಣ್ಣ ಬೇಕರಿ ಅಂತ ಇಟ್ಟುಕೊಳ್ಳಿ. ಅಪ್ಪ, ಮಗ, ಇಬ್ಬರು ಕೆಲಸದವರು. ರಾತ್ರಿ ಹನ್ನೆರಡೂವರೆಗೆ ಹತ್ತು ಕೆಜಿ ಮೈದಾ ಕಲೆಸುತ್ತಾರೆ. ಅದಕ್ಕೆ ಐದೂವರೆಯಿಂದ ಆರು ಲೀಟರ್ ನೀರು, ಒಣ ಈಸ್ಟ್ ಆದರೆ ಸುಮಾರು ನೂರು ಗ್ರಾಂ, ಉಪ್ಪು ಇನ್ನೂರು ಗ್ರಾಂ ಒಳಗೆ, ಮೇಲೆ ಸಕ್ಕರೆ, ಕೊಬ್ಬು. ಹಿಟ್ಟು ಒಂದೂವರೆ ಎರಡು ಗಂಟೆ ಉಬ್ಬಬೇಕು. ಆಮೇಲೆ ತೂಕ ಮಾಡಿ, ಉಂಡೆ ಕಟ್ಟಿ, ಅಚ್ಚಿಗೆ ಹಾಕಿ, ಇನ್ನೊಮ್ಮೆ ಉಬ್ಬಲು ಬಿಡಬೇಕು. ನಾಲ್ಕು ಕಾಲಿಗೆ ಬ್ರೆಡ್ಡು ಓವನ್ ಒಳಗೆ ಹೋಗುತ್ತದೆ. ಅರ್ಧ ಗಂಟೆ ಬೇಯುತ್ತದೆ. ನಾಲ್ಕೂಮುಕ್ಕಾಲಿಗೆ ಹೊರಗೆ. ಬನ್ನು ಚಿಕ್ಕದು, ಹದಿನೈದು ನಿಮಿಷದೊಳಗೆ ಆಗಿಬಿಡುತ್ತದೆ.

ಮಗ ಐದು ಗಂಟೆಗೆ ಬ್ರೆಡ್ ತೆಗೆಯುವ ವಿಡಿಯೊ ಮಾಡಿ ಬರೆಯುತ್ತಾನೆ: "ಬಿಸಿ ಬಿಸಿ ಬ್ರೆಡ್ ರೆಡಿ, ಬೇಗ ಬನ್ನಿ!"

ಇಲ್ಲಿ ಕೆಲಸ ಗೊತ್ತಿರುವವರು ನಗುತ್ತಾರೆ. ಬ್ರೆಡ್ಡು ಓವನ್ನಿಂದ ಬಂದ ತಕ್ಷಣ ಮಾರುವ ವಸ್ತು ಅಲ್ಲ. ಒಂದೂವರೆ ಎರಡು ಗಂಟೆ ಆರಬೇಕು. ಬಿಸಿ ಇದ್ದಾಗ ಕತ್ತರಿಸಿದರೆ ಒಳಗೆ ಅಂಟಂಟಾಗಿ, ಹೋಳು ಕುಸಿಯುತ್ತದೆ. ಬಿಸಿಯಲ್ಲೇ ಕವರಿಗೆ ಹಾಕಿದರೆ ಒಳಗಡೆ ಬೆವರು ಕಟ್ಟುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಅಂದರೆ ಆ ಕ್ಯಾಪ್ಷನ್ ಹೇಳಿದ್ದು ನಿಜವಾದರೆ ಬೇಕರಿ ತಪ್ಪು ಮಾಡುತ್ತಿದೆ. ಬೇಕರಿ ಸರಿ ಮಾಡುತ್ತಿದ್ದರೆ ಕ್ಯಾಪ್ಷನ್ ಸುಳ್ಳು. ಐದೂವರೆಗೆ ಬಂದ ಗಿರಾಕಿಗೆ "ಇನ್ನೂ ಕಟ್ ಆಗಿಲ್ಲ, ಕೂತ್ಕೊಳ್ಳಿ" ಅಂತ ಹೇಳಬೇಕಾಗುತ್ತದೆ. ಅವರು ನಾಳೆಯಿಂದ ವಿಡಿಯೊ ನೋಡುತ್ತಾರೆ, ನಂಬುವುದಿಲ್ಲ.

ಅದೇ ವಿಡಿಯೊಗೆ ಹೀಗೆ ಬರೆದರೆ?

"ಬ್ರೆಡ್ 4:45ಕ್ಕೆ ಹೊರಗೆ ಬಂತು. ಕಟ್ ಮಾಡೋದು ಆರೂವರೆ ಮೇಲೆ. ಬಿಸಿಯಲ್ಲಿ ಕವರಿಗೆ ಹಾಕಿದ್ರೆ ಬೆವರಿ ಬೂಷ್ಟು ಬರುತ್ತೆ, ಅದಕ್ಕೆ. ಅರ್ಜೆಂಟ್ ಇದ್ದೋರಿಗೆ ಬನ್ ಇದೆ."

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೆ ಓದಿದವರಿಗೆ ಮೂರು ವಿಷಯ ಗೊತ್ತಾಯಿತು: ಯಾವಾಗ ಬರಬೇಕು, ಯಾಕೆ ಕಾಯಬೇಕು, ಕಾಯದಿದ್ದರೆ ಏನು ಸಿಗುತ್ತದೆ. ಇವರಿಗೆ ಕೆಲಸ ಗೊತ್ತು ಅನ್ನುವುದು ಹೇಳದೆಯೇ ತಿಳಿಯಿತು. ಬೆಳಗಿನ ಜಾವದ ರೈಲಿಗೆ ಅರಸೀಕೆರೆ ಜಂಕ್ಷನ್ನಿಗೆ ಹೋಗುವವರು ಬನ್ನು ಕಟ್ಟಿಸಿಕೊಂಡು ಹೋಗುತ್ತಾರೆ, ಮನೆಗೆ ಬ್ರೆಡ್ ಬೇಕಾದವರು ಏಳಕ್ಕೆ ಬರುತ್ತಾರೆ. ಇಬ್ಬರಿಗೂ ಹೇಳಿದ್ದೇ ಸಿಕ್ಕಿತು.

ಯಾವುದನ್ನು ಎಲ್ಲಿ ಬರೆಯಬೇಕು

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಳ್ಳೆಯ ಬೇಕರಿಗಳೂ ಎಡವುವುದು ಇಲ್ಲೇ.

ವಾಟ್ಸಾಪ್ ಸ್ಟೇಟಸ್ ಇಪ್ಪತ್ನಾಲ್ಕು ಗಂಟೆಗೆ ಹೋಗಿಬಿಡುತ್ತದೆ. ಇನ್‌ಸ್ಟಾಗ್ರಾಮ್ ರೀಲ್ ಹೋಗುವುದಿಲ್ಲ. ಹತ್ತು ದಿನ ಬಿಟ್ಟು, ಕೆಲವು ಸಲ ತಿಂಗಳು ಬಿಟ್ಟು, ಹೊಸದಾಗಿ ಯಾರದೋ ಫೋನಿಗೆ ಬರುತ್ತದೆ. ಡಿಸೆಂಬರಿನಲ್ಲಿ "ಇವತ್ತು ಪ್ಲಮ್ ಕೇಕ್ ಇದೆ" ಅಂತ ಹಾಕಿದ ರೀಲನ್ನು ಸಂಕ್ರಾಂತಿ ಕಳೆದ ಮೇಲೆ ನೋಡಿದವರು ಹಳ್ಳಿಯಿಂದ ಬಸ್ ಹತ್ತಿ ಬರುತ್ತಾರೆ. ಬೇಕರಿಯವರು ಸುಳ್ಳು ಹೇಳಿಲ್ಲ. ಆದರೆ ಬಂದವರಿಗೆ ಅದು ಸುಳ್ಳೇ.

ಅದಕ್ಕೆ ಲೆಕ್ಕ ಸುಲಭ. "ಇವತ್ತು" ಅನ್ನುವ ಪದ ಸ್ಟೇಟಸ್ಸಿಗೆ. ರೀಲಿನಲ್ಲಿ ದಿನಾ ನಿಜವಾಗಿರುವ ಮಾತು ಮಾತ್ರ: "ದಿನಾ ಬನ್ ಆರಕ್ಕೆ, ಬ್ರೆಡ್ ಆರೂವರೆ ಮೇಲೆ. ಮಂಗಳವಾರ ರಜ." ಆ ದಿನದ್ದೇ ಹೇಳಬೇಕೆಂದರೆ ತಾರೀಕು ಹಾಕಿ.

ವಿಡಿಯೊ ಮೇಲೆ ಅಂಟಿಸಿದ ಅಕ್ಷರವನ್ನು ಹಾಕಿದ ಮೇಲೆ ತಿದ್ದಲು ಬರುವುದಿಲ್ಲ. ಕೆಳಗಿನ ಬರಹವನ್ನು ತಿದ್ದಬಹುದು. ಹಾಗಾಗಿ ಬೆಲೆ, ಸಮಯ, ರಜೆ ಇವೆಲ್ಲ ಕೆಳಗಿರಲಿ. ವಿಡಿಯೊ ಮೇಲೆ, ನೋಡುತ್ತಿರುವ ಕೆಲಸ ಏನು ಅನ್ನುವುದಷ್ಟೇ ಇರಲಿ: "ಹಿಟ್ಟು ಎರಡನೇ ಸಲ ಉಬ್ಬುತ್ತಿದೆ", "ಬ್ರೆಡ್ ಆರಲು ಇಟ್ಟಿದ್ದೇವೆ". ಬಸ್ಸಿನಲ್ಲಿ, ಮಲಗಿದ ಮಗುವಿನ ಪಕ್ಕ ಕೂತು ಸೌಂಡ್ ಇಲ್ಲದೆ ನೋಡುವವರಿಗೂ ಅದು ಸಾಕು.

ಕೆಳಗಿನ ಬರಹದಲ್ಲಿ ಮೊದಲ ಸಾಲು ಮಾತ್ರ ಎದುರಿಗೆ ಕಾಣುತ್ತದೆ, ಉಳಿದದ್ದು ಮುಟ್ಟಿದರೆ ತೆರೆಯುತ್ತದೆ. ನಮ್ಮವರು ಮೊದಲ ಸಾಲಿನಲ್ಲಿ "ಎಲ್ಲರಿಗೂ ಶುಭೋದಯ" ಬರೆದು, ಬನ್ನಿನ ವಿಷಯವನ್ನು ನಾಲ್ಕನೇ ಸಾಲಿಗೆ ತಳ್ಳುತ್ತಾರೆ. ಬನ್ನೇ ಮೊದಲು ಬರಲಿ, ಶುಭೋದಯ ಕೌಂಟರಿನಲ್ಲಿ ಹೇಳಿದರಾಯಿತು.

ಇನ್ನೊಂದು, ವಿಡಿಯೊ ಮೇಲೆ ಕನ್ನಡ ಹಾಕುವಾಗ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. "ಬ್ರೆಡ್" ಅನ್ನುವಲ್ಲಿ ರ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಹಾಕುವ ಮುಂಚೆ "ಬ್ರೆಡ್", "ಬಿಸ್ಕತ್ತು", "ಉಪ್ಪು" ಈ ಮೂರು ಪದ ಟೈಪ್ ಮಾಡಿ, ಸೇವ್ ಆದ ವಿಡಿಯೊ ನೋಡಿ. ಸರಿ ಕಂಡರೆ ಆ ಅಕ್ಷರಶೈಲಿ ಬಳಸಿ. ಒಡೆದರೆ ಬೇರೆಯದು ಹುಡುಕಿ. ಕನ್ನಡ ಒಡೆಯುತ್ತದೆ ಅಂತ ಇಂಗ್ಲಿಷಿಗೆ ಹೋದರೆ, ಗಂಡಸಿ ಕಡೆಯಿಂದ ಬರುವ ಅಜ್ಜಿಗೆ ನೀವು ಬರೆದದ್ದು ಮುಟ್ಟುವುದಿಲ್ಲ.

ಮೊಟ್ಟೆ ವಿಷಯ ಪೂರ್ತಿ ಹೇಳಿ

ನಮ್ಮ ಕಡೆ ಬೇಕರಿಯ ನಂಬಿಕೆ ನಿಂತಿರುವುದು ಇದರ ಮೇಲೆ. ಆದರೆ ಕ್ಯಾಪ್ಷನ್ನಿನಲ್ಲಿ ಅರ್ಧ ಸತ್ಯ ಜಾಸ್ತಿ ಕಾಣುವುದೂ ಇಲ್ಲೇ.

"ನಮ್ಮಲ್ಲಿ ಬನ್ ಮೊಟ್ಟೆ ರಹಿತ" ಅಂತ ಬರೆಯುತ್ತಾರೆ. ಬನ್ನಿಗೆ ಮೊಟ್ಟೆ ಹಾಕಿಲ್ಲ, ನಿಜ. ಆದರೆ ವಿಡಿಯೊದಲ್ಲೇ ಪಕ್ಕದ ಟ್ರೇಯಲ್ಲಿ ಎಗ್ ಪಫ್ ಕಾಣುತ್ತದೆ. ಅಥವಾ ಬನ್ನಿನ ಮೇಲೆ ಹೊಳಪಿಗೆ ಬ್ರಶ್ ಆಡಿಸುತ್ತಾರೆ. ಅದು ಹಾಲೋ, ಎಣ್ಣೆಯೋ, ಮೊಟ್ಟೆಯೋ ನೋಡುವವರಿಗೆ ಗೊತ್ತಾಗುವುದಿಲ್ಲ. ಅನುಮಾನ ಅಲ್ಲೇ ಹುಟ್ಟುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಬನ್‌ಗೆ, ಬ್ರೆಡ್‌ಗೆ ಮೊಟ್ಟೆ ಹಾಕಲ್ಲ. ಮೇಲೆ ಸವರೋದು ಹಾಲು. ಎಗ್ ಪಫ್ ಮಾಡ್ತೀವಿ, ಅದರ ಟ್ರೇ, ಬ್ರಶ್ ಬೇರೆ. ಓವನ್ ಒಂದೇ."

ಕೊನೆಯ ಎರಡು ಪದ ಬರೆಯಲು ಅಂಗಡಿಯವರಿಗೆ ಕಷ್ಟವಾಗುತ್ತದೆ. "ಯಾಕೆ ಸುಮ್ಮನೆ ಇದ್ದ ಗಿರಾಕಿ ಕಳ್ಕೊಳ್ಳೋದು?" ಅಂತಾರೆ. ಒಂದೇ ಓವನ್ ಅಂದರೆ ಆಗದವರು ಕೆಲವರು ಇರುತ್ತಾರೆ, ಅವರು ಬರುವುದಿಲ್ಲ. ಅದು ಅವರ ಹಕ್ಕು. ಆದರೆ ಬರೆಯದೆ ಬಿಟ್ಟು, ಅವರು ಒಂದು ದಿನ ಅಂಗಡಿಯಲ್ಲೇ ಕಣ್ಣಾರೆ ನೋಡಿದರೆ, ತಮ್ಮ ಜೊತೆ ಇಡೀ ಬೀದಿಯನ್ನು ಕರೆದುಕೊಂಡು ಹೋಗುತ್ತಾರೆ. ಬರೆದುಬಿಟ್ಟರೆ ಉಳಿದವರೆಲ್ಲ, ಇದನ್ನೇ ಹೇಳಿದವರು ಬೇರೆಯದನ್ನು ಮುಚ್ಚಿಡುವುದಿಲ್ಲ ಅಂದುಕೊಳ್ಳುತ್ತಾರೆ.

ಬಣ್ಣದ ಕೇಕಿಗೂ ಇದೇ ಮಾತು. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕುಗಳ ಪರೀಕ್ಷೆಯ ಫಲಿತಾಂಶ ಹೇಳಿತು. 235 ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಬಂದವು. ಸುದ್ದಿಯಲ್ಲಿ ಉಳಿದ 223 ಯಾರಿಗೂ ನೆನಪಿಲ್ಲ, ಎಲ್ಲ ಬೇಕರಿ ಮೇಲೂ ಅನುಮಾನ ಬಂತು. ಅಂಥ ವಾರದಲ್ಲಿ "ನಮ್ಮದು ಶುದ್ಧ" ಅಂತ ಬರೆದರೆ ಏನೂ ಆಗುವುದಿಲ್ಲ. ಬಣ್ಣದ ಡಬ್ಬಿಯ ಲೇಬಲ್ಲನ್ನು ವಿಡಿಯೊದಲ್ಲಿ ಓದುವ ಹಾಗೆ ತೋರಿಸಿ, ಒಂದು ಕೆಜಿ ಕ್ರೀಮಿಗೆ ಎಷ್ಟು ಹಾಕುತ್ತೀರಿ ಅಂತ ಕೆಳಗೆ ಬರೆದರೆ ಆಗುತ್ತದೆ. ಆ ಲೆಕ್ಕ ಬರೆಯಲು ಧೈರ್ಯ ಬರದಿದ್ದರೆ, ತೊಂದರೆ ಇರುವುದು ಕ್ಯಾಪ್ಷನ್ನಿನಲ್ಲಿ ಅಲ್ಲ.

ಕಾನೂನಿನ ಮಾತೂ ಒಂದಿದೆ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. "ಶುದ್ಧ", "ನೈಸರ್ಗಿಕ", "ತಾಜಾ" ಇಂಥ ಪದಗಳನ್ನು ಯಾವಾಗ ಬಳಸಬಹುದು ಅನ್ನುವುದಕ್ಕೆ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಅಂಗಡಿಯ ಹೆಸರಿನಲ್ಲಿ ಹಾಕಿದ ರೀಲು ಸುಮ್ಮನೆ ಹರಟೆ ಅಂತ ತಿಳಿಯಬೇಡಿ. ಗಂಟೆ, ತೂಕ, ಪದಾರ್ಥ ಬರೆಯುವವರಿಗೆ ಈ ಭಯ ಇರುವುದಿಲ್ಲ.

ಅಂಗಡಿಯ ಗುಣ ಬರುವುದು ಕೌಂಟರಿನ ಮಾತಿನಿಂದ

ಪ್ರತಿ ಅಂಗಡಿಗೂ ಒಂದು ಸ್ವಭಾವ ಇರುತ್ತದೆ. ಒಬ್ಬರು ತಮಾಷೆ, ಒಬ್ಬರು ಗಂಭೀರ, ಒಬ್ಬರು ಜಗಳಗಂಟರಾದರೂ ಕೈ ಮಾತ್ರ ಬಂಗಾರ. ಗಿರಾಕಿ ಹೋಗುವುದು ಬನ್ನಿಗೂ ಹೌದು, ಆ ಮನುಷ್ಯರಿಗೂ ಹೌದು. ಫೋನಿಗೆ ಬಂದ ಕೂಡಲೇ ಇವರೆಲ್ಲ ಒಂದೇ ದನಿಯಲ್ಲಿ ಮಾತಾಡಲು ಶುರು ಮಾಡುತ್ತಾರೆ. ಕೌಂಟರಿನಲ್ಲಿ "ಬಾರವ್ವ, ಮಗೀಗೆ ಬಿಸ್ಕತ್ತು ಬೇಕಾ?" ಅನ್ನುವವರು ರೀಲಿನಲ್ಲಿ "ಪ್ರಿಯ ಗ್ರಾಹಕರೇ" ಅಂತಾರೆ.

ಇದಕ್ಕೆ ಮದ್ದು ಇಷ್ಟೇ. ವಿಡಿಯೊ ಮಾಡಿದ ಮೇಲೆ ಬರೆಯಲು ಕೂರಬೇಡಿ. ಅಂಗಡಿಯವರ ಮುಂದೆ ಹಿಡಿದು, "ಇದೇನು ಮಾಡ್ತಿದ್ದೀರಿ?" ಅಂತ ಕೇಳಿ. ಅವರು ಹೇಳಿದ್ದರಲ್ಲಿ ಚಿಕ್ಕ ಎರಡು ವಾಕ್ಯ ಹಾಗೇ ಬರೆಯಿರಿ. ದಿಲ್‌ಪಸಂದ್ ಮಾಡುವಾಗ ಕೇಳಿದರೆ, "ಕಾಯಿ ನಮ್ದೇ ತೋಟದ್ದು. ತುರಿ ಒಣಗಿದ್ರೆ ಒಳಗೆ ಹುಡಿ ಆಗುತ್ತೆ, ಅದಕ್ಕೆ ಬೆಳಗ್ಗೆನೇ ತುರೀತೀವಿ" ಅನ್ನಬಹುದು. ತೆಂಗಿನ ಸೀಮೆಯ ಬೇಕರಿ ಅಂತ ಬೇರೆ ಹೇಳಬೇಕಿಲ್ಲ. ಆದರೆ ಕಾಯಿ ಪೇಟೆಯದಾಗಿದ್ದರೆ "ನಮ್ದೇ ತೋಟದ್ದು" ಬರೆಯಬಾರದು. ಊರಿನಲ್ಲಿ ಯಾರ ತೋಟ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಬೇಲೂರು, ಹಳೇಬೀಡಿನ ಅಂಗಡಿಗಳಿಗೆ ಒಂದು ಇಕ್ಕಟ್ಟು ಹೆಚ್ಚು. 2023ರ ಸೆಪ್ಟೆಂಬರಿನಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಬೇಕರಿ ವಿಡಿಯೊದ ಕೊನೆಗೆ ಗುಡಿಯ ಗೋಡೆ ತೋರಿಸಿ "ಪರಂಪರೆಯ ರುಚಿ" ಅಂತ ಬರೆಯುವ ಆಸೆ ಬರುವುದು ಸಹಜ. ಹೊಯ್ಸಳರಿಗೂ ಬನ್ನಿಗೂ ಏನು ಸಂಬಂಧ? ಪ್ರವಾಸಿಗೆ ಬೇಕಿರುವುದು "ಗುಡಿ ಬಾಗಿಲಿಂದ ನಡೆದು ಎಷ್ಟು ದೂರ, ಎಷ್ಟು ಗಂಟೆಗೆ ತೆರೆಯುತ್ತೆ, ಹಳೇಬೀಡಿಂದ ಬೇಲೂರಿಗೆ ಹೋಗುವ ಹದಿನಾರು ಕಿಲೋಮೀಟರಿಗೆ ಏನು ಕಟ್ಟಿಸಿಕೊಳ್ಳಬಹುದು" ಅನ್ನುವುದು. ಅದನ್ನು ಒಂದು ರೀಲಿನಲ್ಲಿ ಹೇಳಿ ಮೇಲ್ಗಡೆ ಪಿನ್ ಮಾಡಿಬಿಡಿ. ಉಳಿದ ದಿನ ಊರಿನವರ ಜೊತೆ ಮಾತಾಡಿ. ಪ್ರವಾಸಿ ಒಂದು ಸಲ ಬರುತ್ತಾನೆ, ಊರಿನವರು ದಿನಾ ಬರುತ್ತಾರೆ.

ಕೆಟ್ಟ ದಿನದ ಕ್ಯಾಪ್ಷನ್

ಚಳಿಗಾಲದಲ್ಲಿ ನಮ್ಮ ಕಡೆ ಬೆಳಗಿನ ಜಾವ ಕೈ ಸೆಟೆಯುತ್ತದೆ. ಹಿಟ್ಟಿಗೂ ಚಳಿ. ಎರಡು ಗಂಟೆಗೆ ಉಬ್ಬಬೇಕಾದ್ದು ಮೂರು ಗಂಟೆಯಾದರೂ ಉಬ್ಬುವುದಿಲ್ಲ. ಆಗ ಎರಡು ದಾರಿ. ಅರೆ ಉಬ್ಬಿದ್ದನ್ನೇ ಓವನ್ನಿಗೆ ತಳ್ಳಿ ಸಮಯಕ್ಕೆ ಕೊಡುವುದು ಒಂದು. ಅಂಥ ಬನ್ನು ಕೈಯಲ್ಲಿ ಹಿಡಿದರೆ ಭಾರ, ಮುರಿದರೆ ಒಳಗೆ ಒತ್ತೊತ್ತಾಗಿ ಕಾಣುತ್ತದೆ. ಕಾಯುವುದು ಇನ್ನೊಂದು.

ಕಾಯುವವರು ಅವತ್ತು ವಿಡಿಯೊ ಹಾಕುವುದೇ ಇಲ್ಲ, ಅಥವಾ ಹಳೆಯ ವಿಡಿಯೊ ಹಾಕಿ "ಶುಭೋದಯ" ಅಂತಾರೆ. ಹಳೆಯ ವಿಡಿಯೊ ಜನಕ್ಕೆ ತಿಳಿಯುತ್ತದೆ. ಹೊರಗೆ ಮಂಜು, ವಿಡಿಯೊದಲ್ಲಿ ಕೆಲಸದವರು ಬನಿಯನ್ನಿನಲ್ಲಿ ಬೆವರುತ್ತಿದ್ದಾರೆ. ಗೋಡೆಯ ಕ್ಯಾಲೆಂಡರು ಹೋದ ತಿಂಗಳದ್ದು.

ಅದೇ ಹೊತ್ತಿಗೆ ಉಬ್ಬದ ಹಿಟ್ಟಿನ ಬೋಗುಣಿಯನ್ನೇ ಹತ್ತು ಸೆಕೆಂಡ್ ತೋರಿಸಿ, ಸ್ಟೇಟಸ್ಸಿನಲ್ಲಿ ಬರೆಯಿರಿ: "ಚಳಿಗೆ ಹಿಟ್ಟು ಎದ್ದಿಲ್ಲ. ಬನ್ ಏಳೂವರೆಗೆ. ಆಮೇಲೆ ಬನ್ನಿ."

ನಷ್ಟ ಅಂದರೆ ಆರು ಗಂಟೆಗೆ ಬರುವ ಕೆಲವರು ಬರುವುದಿಲ್ಲ. ಆದರೆ ಅವರು ಚಳಿಯಲ್ಲಿ ಬಂದು ಬರಿಗೈಲಿ ಹೋಗುವುದು ತಪ್ಪಿತು. ನಾಳೆ "ಆರಕ್ಕೆ ರೆಡಿ" ಅಂತ ಬರೆದರೆ ಅದಕ್ಕೆ ಬೆಲೆ ಬರುವುದು ಇವತ್ತು "ಏಳೂವರೆ" ಅಂತ ಬರೆದದ್ದರಿಂದಲೇ.

ಕ್ಯಾಪ್ಷನ್ನಿನಿಂದ ಆಗದ್ದು

ಬರಹ ಎಷ್ಟು ಚೆನ್ನಾಗಿದ್ದರೂ ವಿಡಿಯೊದಲ್ಲಿ ತಲೆಗೆ ಟೋಪಿ ಇಲ್ಲದ್ದು, ನೆಲದ ಮೇಲಿಟ್ಟ ಟ್ರೇ ಕಾಣುತ್ತದೆ. ಅದನ್ನು ಫಿಲ್ಟರ್ ಹಾಕಿ ಮುಚ್ಚಬೇಡಿ, ಟ್ರೇ ಎತ್ತಿಡಿ. ಹಾಗೆಯೇ ರಾತ್ರಿಯಿಡೀ ದುಡಿದ ಹುಡುಗನ ಮುಖ ತೋರಿಸುವ ಮುಂಚೆ ಅವನನ್ನು ಕೇಳಿ. ಬೇಡ ಅಂದರೆ ಕೈ ಮಾತ್ರ ತೋರಿಸಿ. ಒಪ್ಪಿದರೆ ಯಾರು ಮಾಡಿದ್ದು ಅಂತಲೂ ಬರೆಯಿರಿ. "ಇವತ್ತಿನ ಖಾರ ಬನ್ ನಮ್ಮ ಅಣ್ಣಂದು" ಅಂದರೆ ತಿನ್ನುವವರು ಅವನನ್ನು ನೋಡಿ ಒಂದು ಮಾತಾಡುತ್ತಾರೆ.

ಓದುವ ನಿಮಗೂ ಒಂದು ಕೆಲಸ ಇದೆ. ನಾಳೆ ಬೆಳಗ್ಗೆ ಬೇಕರಿ ವಿಡಿಯೊ ನೋಡಿ ಅಂಗಡಿಗೆ ಹೋದರೆ, ಅಲ್ಲಿ ಬರೆದದ್ದರಲ್ಲಿ ಒಂದನ್ನು ಕೇಳಿ ನೋಡಿ. "ಬ್ರೆಡ್ ಎಷ್ಟು ಗಂಟೆಗೆ ತೆಗೆದ್ರಿ?" ಸಾಕು. ಒಂದು ಹೋಳು ಒತ್ತಿ ಬಿಡಿ. ಸರಿಯಾಗಿ ಆರಿದ್ದರೆ ಮತ್ತೆ ಮೇಲೇಳುತ್ತದೆ, ಬಿಸಿಯಲ್ಲೇ ಕಟ್ ಮಾಡಿದ್ದರೆ ಬೆರಳಿಗೆ ಅಂಟಿ ಅಲ್ಲೇ ಕುಸಿಯುತ್ತದೆ. ಬರೆದದ್ದೂ ಸಿಕ್ಕಿದ್ದೂ ಒಂದೇ ಆಗಿದ್ದರೆ, ವಿಡಿಯೊ ಕೆಳಗೆ ಅದನ್ನೇ ಬರೆದು ಬನ್ನಿ.